ತೂಕ ಇಳಿದ ಬೆಳಿಗ್ಗೆ

ಮೂಡಿಗೆರೆಯಲ್ಲಿ ಸಿದ್ದಗಂಗಮ್ಮ ಎಂದು ಕೇಳಿದರೆ ಯಾರವರು ಎಂದು ಜನ ಮುಖ ನೋಡಿಯಾರು. ‘ಬಾಟಲಿ ಸಿಸ್ಟರ್’ ಎಂದರೆ ಮಾತ್ರ ಬಸ್ ನಿಲ್ದಾಣದ ಜೀಪಿನವರಿಂದ ಹಿಡಿದು ಎಸ್ಟೇಟಿನ ಮೇಸ್ತ್ರಿಗಳವರೆಗೆ ಎಲ್ಲರಿಗೂ ಗೊತ್ತು. ಮಾರ್ಕೆಟ್ ಹಿಂದಿನ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಆಕೆ ಮೂವತ್ತು ವರ್ಷದಿಂದ ನರ್ಸು. ಮೈಯಲ್ಲಿ ರಕ್ತನಾಳವೇ ಇಲ್ಲವೇನೋ ಎನ್ನುವಂಥ ಮುದುಕಿಯರ ಕೈಯಲ್ಲೂ ಒಂದೇ ಚುಚ್ಚಿಗೆ ಸೂಜಿ ಕೂರಿಸುತ್ತಿದ್ದಳು.

ನಮ್ಮ ಕಡೆಯವರಿಗೆ ಸಲೈನ್ ಬಾಟಲಿಯ ಮೇಲಿರುವ ನಂಬಿಕೆ ದೇವರ ಮೇಲೂ ಇಲ್ಲ. ಕಾಫಿ ಕೊಯ್ಲು ಮುಗಿದು ಮೈ ಸೋತಿತೋ, ಬಾಟಲಿ. ಜ್ವರ ಬಿಟ್ಟು ನಾಲಗೆ ರುಚಿ ಕೆಟ್ಟಿತೋ, ಬಾಟಲಿ. ಏನೂ ಇಲ್ಲದೆ ಬರೀ ಬೇಜಾರಾದರೂ ಬಾಟಲಿ. ಮಾತ್ರೆ ಬರೆದು ಕಳಿಸುವ ಡಾಕ್ಟರನ್ನು ಅರ್ಧ ಡಾಕ್ಟರು ಎಂದೇ ಜನ ತಿಳಿಯುತ್ತಾರೆ. ಸಿದ್ದಗಂಗಮ್ಮನಿಗೂ ಆ ನಂಬಿಕೆ ಇತ್ತು, ಅದಕ್ಕೆ ಕಾರಣವೂ ಇತ್ತು. ವಾಂತಿಭೇದಿಯಾಗಿ ಕಣ್ಣು ಗುಳಿಬಿದ್ದು ಬಂದವರು ಒಂದು ಬಾಟಲಿ ಇಳಿಯುವಷ್ಟರಲ್ಲಿ ಎದ್ದು ಕೂತು, ಮನೆಯ ದನ ಕಟ್ಟಿದ್ದಾರೋ ಇಲ್ಲವೋ ಎಂದು ವಿಚಾರಿಸುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅವಳಿಗಿದ್ದ ಸಂಸಾರವೆಂದರೆ ತಮ್ಮ ಚನ್ನಬಸವ. ಅವನು ಕೂಸಾಗಿದ್ದಾಗಲೇ ತಾಯಿ ಹೋದಳು. ಅಕ್ಕನೇ ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ ಇವನೊಂದು ದಡ ಸೇರಲಿ ಎಂದಳು. ಅವನು ದಡ ಸೇರಿ, ಪೇಟೆಯಲ್ಲಿ ಮೆಣಸು ಕೊಳ್ಳುವ ಅಂಗಡಿ ಹಾಕಿ, ಸುಪ್ರಿಯಾಳನ್ನು ಮದುವೆಯಾಗುವ ಹೊತ್ತಿಗೆ ಅಕ್ಕನ ತಲೆಯಲ್ಲಿ ಬಿಳಿಕೂದಲು ಕಾಣುತ್ತಿತ್ತು. ಅವಳಿಗೆ ಅದರ ಬಗ್ಗೆ ದುಃಖವಿರಲಿಲ್ಲ. ತಮ್ಮನ ಮನೆಯ ಹಿಂದಿನ ಕೋಣೆ, ನರ್ಸಿಂಗ್ ಹೋಮು, ತಮ್ಮನ ಮೇಲೆ ಅಧಿಕಾರ, ಇಷ್ಟರಲ್ಲಿ ಅವಳ ಬದುಕು ತುಂಬಿತ್ತು.

ಚನ್ನಬಸವ ಮಾತಿನ ಮನುಷ್ಯ. ಮೆಣಸಿನ ಮೂಟೆಗೆ ಕೈ ಹಾಕಿದರೆ ತೇವ ಎಷ್ಟೆಂದು ಹೇಳಿಬಿಡುತ್ತಿದ್ದ, ಜೊತೆಗೆ ಮೂಟೆ ತಂದವನ ಮನೆಯ ಜಗಳದ ವಿಷಯವನ್ನೂ ಹೊರಡಿಸುತ್ತಿದ್ದ. ಎರಡು ವರ್ಷದ ಹಿಂದೆ ಎದೆನೋವೆಂದು ಕುಸಿದ. ಮಂಗಳೂರಿಗೆ ಒಯ್ದು ಸ್ಟೆಂಟ್ ಹಾಕಿಸಿದರೂ ತಡವಾಗಿತ್ತು. ಹೃದಯದ ಒಂದು ಭಾಗದ ಸ್ನಾಯು ಸತ್ತುಹೋಗಿತ್ತು. ಉಳಿದದ್ದು ಹಿಗ್ಗಿ, ಜೋಲಿ, ಕಷ್ಟಪಟ್ಟು ಬಡಿಯುತ್ತಿತ್ತು. ಅವನ ಮಾತು ಮಾತ್ರ ಕಡಿಮೆಯಾಗಲಿಲ್ಲ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಅವನಿಗೆ ವಿಪರೀತ ಸುಸ್ತು ಶುರುವಾಯಿತು. ಊಟ ಸೇರದು, ಮೆಟ್ಟಿಲು ಹತ್ತಲಾಗದು. ಪಾದ ಕೊಂಚ ಊದಿತ್ತು. ಅಂಗಡಿಯಲ್ಲಿ ನಿಂತೂ ನಿಂತೂ ಹಾಗಾಗಿದೆ ಎಂದುಕೊಂಡಳು ಸಿದ್ದಗಂಗಮ್ಮ. ಒಂದು ಭಾನುವಾರ ಡಾಕ್ಟರನ್ನು ಕೇಳದೆ, ಮನೆಯ ಕಿಟಕಿಯ ಸರಳಿಗೇ ಬಾಟಲಿ ನೇತುಹಾಕಿ ತಮ್ಮನ ಕೈಗೆ ಸೂಜಿ ಕೂರಿಸಿದಳು. ಊರಿಗೆಲ್ಲ ಮಾಡಿದ್ದನ್ನು ಸ್ವಂತ ತಮ್ಮನಿಗೆ ಮಾಡಬಾರದೇ?

ಸಂಜೆಯ ಹೊತ್ತಿಗೆ ಅವನಿಗೆ ಮಲಗಲಾಗಲಿಲ್ಲ. ಎದ್ದು ಕೂತು ಬಾಯಿ ತೆರೆದು ಉಸಿರಿಗೆ ಒದ್ದಾಡಿದ. ಎದೆಯೊಳಗೆ ಗೊರಗೊರ ಸದ್ದು, ಬಾಯಲ್ಲಿ ನಸುಗೆಂಪು ನೊರೆ. ನರ್ಸಿಂಗ್ ಹೋಮಿನ ಡಾಕ್ಟರ್ ಶಾಲಿನಿ ಓಡಿಬಂದು, ಅವನನ್ನು ಕೂರಿಸಿ, ಕಾಲು ಕೆಳಗೆ ಇಳಿಬಿಡಿಸಿ, ಆಮ್ಲಜನಕ ಕೊಟ್ಟು, ನೀರು ಇಳಿಸುವ ಇಂಜೆಕ್ಷನ್ ಹಾಕಿ ಹೇಗೋ ಉಳಿಸಿಕೊಂಡರು. ಕೈಯ ಮೇಲಿದ್ದ ಸೂಜಿಯ ಪಟ್ಟಿ ನೋಡಿ ಅವರು ಸಿದ್ದಗಂಗಮ್ಮನ ಕಡೆ ಒಮ್ಮೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು.

ಮರುದಿನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಡಾಕ್ಟರು ಅಕ್ಕ ತಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. ಅವರು ಮೂಡಿಗೆರೆ ಪಕ್ಕದ ತೋಟದವರೇ, ಊರಿನ ಮಾತೇ ಅವರ ಮಾತು.

“ಸಿಸ್ಟರ್, ಹೃದಯದ ಪಾಠದಲ್ಲಿ ಸ್ಟಾರ್ಲಿಂಗ್ ನಿಯಮ ಅಂತ ನೀವು ನರ್ಸಿಂಗಲ್ಲಿ ಓದಿದ್ದಿರಲ್ಲ?”

“ಓದಿದ್ದೆ ಮೇಡಂ. ಒಂದು ಸಾಲು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಬಿಟ್ಟಿದ್ದೆ.”

“ಆ ಸಾಲೇ ಇದು. ರಕ್ತ ತುಂಬಿ ಹೃದಯದ ಸ್ನಾಯು ಎಷ್ಟು ಹಿಗ್ಗುತ್ತೋ ಅಷ್ಟು ಜೋರಾಗಿ ಅದು ಹಿಂಡುತ್ತೆ. ಮಂಗ ಓಡಿಸೋ ರಬ್ಬರಿನ ಬಿಲ್ಲು ಜಾಸ್ತಿ ಎಳೆದಷ್ಟೂ ಕಲ್ಲು ದೂರ ಹೋಗಲ್ವಾ, ಹಾಗೆ. ನೀವು ಬಾಟಲಿ ಹಾಕಿದ ಕೂಲಿಯವರೆಲ್ಲ ಎದ್ದು ಕೂತಿದ್ದು ಅದಕ್ಕೇ. ಅವರ ಮೈಯಲ್ಲಿ ನೀರು ಕಮ್ಮಿ ಇತ್ತು, ಹೃದಯ ಗಟ್ಟಿ ಇತ್ತು. ಇವರದ್ದು ಸೋತ ರಬ್ಬರು. ಆಗಲೇ ಪೂರ್ತಿ ಎಳೆದಾಗಿದೆ. ಇನ್ನೂ ತುಂಬಿಸಿದ್ರೆ ಹೊರಗೆ ಹೋಗೋದು ಹೆಚ್ಚಾಗಲ್ಲ. ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನಿಲ್ಲುತ್ತೆ.”

ಚನ್ನಬಸವನಿಗೆ ಉಸಿರು ಬಂದಿತ್ತು, ಜೊತೆಗೆ ವಾದವೂ. “ಅದಿರ್ಲಿ ಮೇಡಂ. ನಂಗೆ ಬಿಪಿನೇ ಕಮ್ಮಿ ಅಂತೀರಿ. ಮತ್ತೆ ಬಿಪಿ ಇಳಿಸೋ ಮಾತ್ರೆನೂ ನೀವೇ ಕೊಡ್ತೀರಿ. ಇದೆಂತ ಲೆಕ್ಕ?”

“ನಿಮ್ಮ ಮಾವನ ತೋಟದಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೀತಾರಲ್ಲ. ಅದೇ ಮೋಟರು, ತಗ್ಗಿನಲ್ಲಿ ನೀರು ಹೇಗೆ ಬರುತ್ತೆ? ಗುಡ್ಡದ ನೆತ್ತಿಗೆ ಪೈಪ್ ಏರಿಸಿದ್ರೆ ಹೇಗೆ ಬರುತ್ತೆ?”

“ನೆತ್ತಿಯಲ್ಲಿ ಚಿರ್ ಅಂತದೆ.”

“ನಿಮ್ಮ ಮೋಟರು ದೊಡ್ಡದು ಮಾಡೋಕೆ ನನ್ನ ಕೈಲಾಗಲ್ಲ. ಗುಡ್ಡ ತಗ್ಗಿಸಬಹುದು. ಆ ಮಾತ್ರೆ ರಕ್ತನಾಳ ಸಡಿಲ ಮಾಡಿ ಅದನ್ನೇ ಮಾಡುತ್ತೆ. ಹೃದಯ ತಳ್ಳಬೇಕಾದ ಭಾರ ಇಳಿದ್ರೆ, ಒಂದು ಬಡಿತಕ್ಕೆ ಹೊರಗೆ ಹೋಗೋ ರಕ್ತ ಹೆಚ್ಚುತ್ತೆ. ಒಳಗೆ ಬರೋದೆಷ್ಟು, ಎದುರಿಗಿರೋ ಭಾರ ಎಷ್ಟು, ಸ್ನಾಯುವಿನ ಸ್ವಂತ ಕಸುವೆಷ್ಟು, ಈ ಮೂರರ ಮೇಲೆ ನಿಂತಿದೆ ನಿಮ್ಮ ಬದುಕು. ಹಾಗಂತ ತೀರಾ ಒಣಗಿಸಿದ್ರೂ ಕಷ್ಟ. ತುಂಬದೇ ಇದ್ರೆ ಹಿಂಡೋಕೆ ಎಂತ ಇರುತ್ತೆ? ವಾಂತಿ, ಭೇದಿ ಏನಾದ್ರೂ ಆದ್ರೆ, ಮೈಯ ನೀರು ಮೂತ್ರದಲ್ಲಿ ಇಳಿಸೋ ಆ ನೀರಿನ ಮಾತ್ರೆ ನಿಲ್ಲಿಸಿ ನಂಗೆ ಫೋನ್ ಮಾಡಿ.”

ಈ ಕೊನೆಯ ಮಾತು ಸಿದ್ದಗಂಗಮ್ಮನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿಯಲಿಲ್ಲ. ತಮ್ಮನ ಬಾಯಿಯ ನೊರೆ ಅವಳ ಕಣ್ಣಿಗೆ ಕಟ್ಟಿತ್ತು. ತನ್ನ ಕೈಯಿಂದಲೇ ಅವನನ್ನು ಮುಳುಗಿಸಿದ್ದೆ ಎಂಬುದೊಂದೇ ಅವಳ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಅಂದಿನಿಂದ ಆ ಮನೆಯಲ್ಲಿ ನೀರಿಗೆ ಕಾವಲು ಬಿತ್ತು. ದಿನದ ನೀರನ್ನು ಅವಳೇ ಅಳೆದು ಒಂದು ತಂಬಿಗೆಯಲ್ಲಿ ಇಡುತ್ತಿದ್ದಳು. ಉಪ್ಪಿನಕಾಯಿ ಜಾಡಿ ಅವಳ ಕೋಣೆ ಸೇರಿತು. ಸುಪ್ರಿಯಾ ಸಾರಿಗೆ ಉಪ್ಪು ಹಾಕುವಾಗ ಅಕ್ಕ ಹಿಂದೆ ನಿಂತಿರುತ್ತಿದ್ದಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ, ಮೊದಲ ಮೂಟೆ ಇಡುವ ಮುಂಚೆ, ಮೆಣಸು ತೂಗುವ ತಕ್ಕಡಿಯ ಮೇಲೆ ಚನ್ನಬಸವ ನಿಲ್ಲಬೇಕು. ತೂಕ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಅಂದು ನೀರಿನ ಮಾತ್ರೆ ಅರ್ಧ ಹೆಚ್ಚು. ಇದು ಡಾಕ್ಟರೇ ಹೇಳಿಕೊಟ್ಟ ಕ್ರಮ. ಬಹಳ ಒಳ್ಳೆಯ ಕ್ರಮ.

“ನನ್ನ ತೇವ ಎಷ್ಟು ಪರ್ಸೆಂಟ್ ಬಂತು ನೋಡಕ್ಕ” ಎಂದು ಅವನು ತಕ್ಕಡಿಯ ಮೇಲೆ ನಿಂತು ಕೂಗುತ್ತಿದ್ದ. “ಒಣಗಿದ್ರೆ ಮಾತ್ರ ರೇಟು, ಅಲ್ವಾ?” ಮೂಟೆ ತಂದವರು ನಗುತ್ತಿದ್ದರು. ಅವಳೂ ಬೇರೆ ಕಡೆ ಮುಖ ಮಾಡಿ ನಗುತ್ತಿದ್ದಳು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಚೆನ್ನಾಗಿದ್ದ. ಆ ಒಂದು ವರ್ಷ ಸಿದ್ದಗಂಗಮ್ಮ ದುಡಿದು ಕೊಟ್ಟದ್ದು. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ.

ಈ ವರ್ಷ ಮಾರ್ಚಿನಲ್ಲಿ, ಕಾಫಿ ಹೂವಿನ ವಾಸನೆ ಪೇಟೆಯವರೆಗೂ ಬರುವ ದಿನಗಳಲ್ಲಿ, ಕಳಸದ ನೆಂಟರ ಮನೆಯ ಗೃಹಪ್ರವೇಶಕ್ಕೆ ಗಂಡ ಹೆಂಡತಿ ಹೋಗಿಬಂದರು. ಮರುದಿನದಿಂದ ಚನ್ನಬಸವನಿಗೆ ಭೇದಿ ಶುರುವಾಯಿತು. ಊಟದ್ದು ಹೆಚ್ಚುಕಡಿಮೆಯಾಗಿದೆ, ಬಿಡುತ್ತದೆ ಎಂದಳು ಅಕ್ಕ. ಅದಕ್ಕೊಂದು ಮಾತ್ರೆ ಕೊಟ್ಟಳು. ನೀರಿನ ಮಾತ್ರೆಯನ್ನೂ ಎಂದಿನಂತೆ ಕೊಟ್ಟಳು, ಬಿಪಿಯದನ್ನೂ ಕೊಟ್ಟಳು.

ಅದರ ಮರುದಿನ ಬೆಳಿಗ್ಗೆ ತಕ್ಕಡಿಯ ಮೇಲೆ ನಿಂತಾಗ ತೂಕ ಎರಡು ಕಿಲೋ ಇಳಿದಿತ್ತು.

ಅವಳಿಗೆ ಸಂತೋಷವಾಯಿತು. ಇದನ್ನು ಹೇಳದೆ ಬಿಡುವಂತಿಲ್ಲ. ಇಷ್ಟು ಕಾಲ ಆ ತಕ್ಕಡಿಯಲ್ಲಿ ಏರುವ ಅಂಕಿಗೆ ಹೆದರಿ ಹೆದರಿ, ಇಳಿಯುವ ಅಂಕಿಯೆಲ್ಲ ಅವಳಿಗೆ ಒಳ್ಳೆಯ ಸುದ್ದಿಯೇ ಆಗಿಬಿಟ್ಟಿತ್ತು. “ನೋಡು, ಕಾಲಿನ ಊತ ಪೂರ್ತಿ ಹೋಗಿದೆ” ಎಂದು ಅವನ ಪಾದ ಒತ್ತಿ ತೋರಿಸಿದಳು. ಅವನು ತಕ್ಕಡಿಯಿಂದ ಇಳಿಯುವಾಗ ಮೂಟೆ ಹಿಡಿದುಕೊಂಡ. ತಮಾಷೆಯ ಮಾತು ಏನೂ ಆಡಲಿಲ್ಲ.

ಮಧ್ಯಾಹ್ನ ಅವನು ನೀರು ಕೇಳಿದ. ತಂಬಿಗೆ ಖಾಲಿಯಾಗಿತ್ತು.

“ಬಾಯಿ ಅಂಟ್ತಾ ಇದೆ ಅಕ್ಕ. ಒಂದು ಲೋಟ ಕೊಡು.”

“ಇವತ್ತಿನದ್ದು ಆಯ್ತಲ್ಲ ಮಾರಾಯ. ಬಾಯಿ ಮುಕ್ಕಳಿಸಿ ಉಗಿ.”

ಸುಪ್ರಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಅಕ್ಕ, ಅಷ್ಟು ಸಲ ಹೋಗಿದ್ದಾರೆ. ಸ್ವಲ್ಪ ಗಂಜಿ ತಿಳಿನಾದ್ರೂ ಕೊಡ್ಲಾ?”

“ನಿಂಗೆ ಎಂತ ಗೊತ್ತು?” ಎಂದಳು ಸಿದ್ದಗಂಗಮ್ಮ. ದನಿ ಎಣಿಸಿದ್ದಕ್ಕಿಂತ ಗಡುಸಾಯಿತು. “ಅವತ್ತು ಉಸಿರು ಕಟ್ಟಿದ್ದನ್ನ ನೋಡಿದ್ದೀಯಲ್ಲ? ನೀರು ಅವನಿಗೆ ವಿಷ.” ಸುಪ್ರಿಯಾ ಒಳಗೆ ಹೋದಳು. ಸಂಜೆ ಡ್ಯೂಟಿಗೆ ಹೋದಾಗ ಡಾಕ್ಟರಿಗೆ ಒಂದು ಮಾತು ಹೇಳಲೇ ಎಂದು ಸಿದ್ದಗಂಗಮ್ಮನಿಗೆ ಅನ್ನಿಸಿತ್ತು. ಭೇದಿಗೂ ಡಾಕ್ಟರನ್ನು ಕೇಳುವ ನರ್ಸು ನಾನಲ್ಲ ಎಂಬ ಬಿಗುಮಾನ ಅಡ್ಡ ಬಂತು. ತೂಕ ಬೇರೆ ಇಳಿದಿತ್ತಲ್ಲ.

ಬೆಳಗಾದ ಮೇಲೆ ಅಂಗಡಿಗೆ ಹೊರಟ ಚನ್ನಬಸವ ಹೊಸ್ತಿಲಲ್ಲೇ ಕಣ್ಣು ಕತ್ತಲೆ ಬಂದು ಬಿದ್ದ.

ನರ್ಸಿಂಗ್ ಹೋಮಿನ ಮಂಚದ ಮೇಲೆ ಮಲಗಿಸಿದಾಗ ಅವನ ಕೈಕಾಲು ತಣ್ಣಗಿದ್ದವು. ನಾಡಿ ದಾರದಂತೆ ಓಡುತ್ತಿತ್ತು. ಬಿಪಿ ಎಪ್ಪತ್ತು. ಡಾಕ್ಟರ್ ಶಾಲಿನಿ ಬಾಟಲಿಯ ಸ್ಟ್ಯಾಂಡ್ ಎಳೆಯುತ್ತಿದ್ದಂತೆ ಸಿದ್ದಗಂಗಮ್ಮ ಅದಕ್ಕೆ ಅಡ್ಡ ನಿಂತಳು.

“ಬಾಟಲಿ ಬೇಡ ಮೇಡಂ. ಕೈ ಮುಗೀತೀನಿ. ಬೇರೆ ಎಂತ ಬೇಕಾದ್ರೂ ಮಾಡಿ.”

ಡಾಕ್ಟರು ವಾದಿಸಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಶ್ವಾಸಕೋಶ ಸ್ವಚ್ಛವಾಗಿತ್ತು. ಕತ್ತಿನ ನರ ಕಾಣುತ್ತಲೇ ಇರಲಿಲ್ಲ. ನಾಲಗೆ ಒಣಗಿ ಕೊರಡಾಗಿತ್ತು. ಸಣ್ಣ ಸ್ಕ್ಯಾನಿಂಗ್ ಯಂತ್ರವನ್ನು ಹೊಟ್ಟೆಯ ಮೇಲಿಟ್ಟು, ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ನೋಡಿದರು. ಅದು ಉಸಿರೆಳೆದಾಗಲೆಲ್ಲ ಮುಚ್ಚಿಕೊಳ್ಳುತ್ತಿತ್ತು.

“ಎಷ್ಟು ದಿನದಿಂದ ಭೇದಿ?”

ಸಿದ್ದಗಂಗಮ್ಮ ಹೇಳಿದಳು.

“ನೀರಿನ ಮಾತ್ರೆ?”

ಅದನ್ನೂ ಹೇಳಿದಳು. ಡಾಕ್ಟರ ಮುಖದಲ್ಲಿ ಏನೋ ಹಾದುಹೋಯಿತು. ಮಂಚದ ತಲೆಯ ಭಾಗವನ್ನು ತಗ್ಗಿಸಿ, “ಸಿಸ್ಟರ್, ಅವರ ಕಾಲೆರಡೂ ಎತ್ತಿ ಹಿಡ್ಕೊಳ್ಳಿ” ಎಂದರು.

ತಮ್ಮನ ತಣ್ಣನೆಯ ಪಾದಗಳನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಎದೆಯ ಮಟ್ಟಕ್ಕೆ ಹಿಡಿದಳು. ಒಂದು ನಿಮಿಷ ಆಗಿರಬಹುದು. ಬಿಪಿ ಎಪ್ಪತ್ತರಿಂದ ಮೇಲೇರತೊಡಗಿತು. ಎಂಬತ್ತು ದಾಟಿತು. ಚನ್ನಬಸವ ಕಣ್ಣು ತೆರೆದ. ಅಕ್ಕ ತನ್ನ ಪಾದ ಹಿಡಿದು ನಿಂತಿರುವುದನ್ನು ಕಂಡು ಬೆಚ್ಚಿ, ಇದ್ದಷ್ಟು ಬಲದಿಂದ ಕಾಲು ಎಳೆದುಕೊಳ್ಳಲು ನೋಡಿದ.

“ಕಾಲು ಬಿಡಕ್ಕ. ದೊಡ್ಡೋಳು ನೀನು, ನನ್ನ ಕಾಲು ಹಿಡೀತಾರಾ?”

“ಸುಮ್ನಿರೋ” ಎಂದಳು ಅವಳು. ಹಿಡಿತ ಬಿಡಲಿಲ್ಲ.

“ನೋಡಿ ಸಿಸ್ಟರ್” ಎಂದರು ಡಾಕ್ಟರು ಮೆಲ್ಲಗೆ. “ಅವರ ಕಾಲಿನಲ್ಲಿದ್ದ ರಕ್ತವೇ ಎದೆಗೆ ಹೋಗಿದ್ದು. ಅಷ್ಟು ತುಂಬಿದ್ದಕ್ಕೇ ಹೃದಯ ಜೋರಾಗಿ ಹಿಂಡ್ತು. ಸೋತ ಹೃದಯನೇ. ಆದ್ರೆ ಈಗ ಒಳಗೆ ಬರೋಕೆ ಏನೂ ಇಲ್ಲ. ನೀರು ಬೇಕು. ಸೂಜಿ ಹಾಕಿ.”

ನೀರು ಬೇಕು. ನಿನ್ನೆ ಮಧ್ಯಾಹ್ನ ಅವನೇ ಬಾಯಿಬಿಟ್ಟು ಹೇಳಿದ್ದು ಅದನ್ನೇ ಅಲ್ಲವೇ. ಊರಿಗೆಲ್ಲ ಒಂದೇ ಚುಚ್ಚಿಗೆ ಸೂಜಿ ಕೂರಿಸಿದ ಕೈಗೆ ಅಂದು ಎರಡು ಸಲ ತಪ್ಪಿತು. ನಾಳಗಳೆಲ್ಲ ಬತ್ತಿ ಒಳಗೆ ಸೇರಿದ್ದವು. ಮೂರನೆಯ ಸಲಕ್ಕೆ ಮೊಣಕೈಯ ಬಳಿ ಸಿಕ್ಕಿತು.

ಅರ್ಧ ಬಾಟಲಿಯನ್ನು ಡಾಕ್ಟರು ಪಕ್ಕದಲ್ಲೇ ನಿಂತು ಇಳಿಸಿದರು. ಮತ್ತೆ ಎದೆ ಕೇಳಿದರು, ಮತ್ತೆ ಕೊಂಚ ಇಳಿಸಿದರು. ಬಿಪಿ ತೊಂಬತ್ತಕ್ಕೆ ಬಂತು. ಅವನು ಸುಪ್ರಿಯಾಳ ಕೈ ಹಿಡಿದು, ಅಂಗಡಿಗೆ ಬೀಗ ಹಾಕಿದ್ದೀಯಾ ಎಂದು ಕೇಳಿದ. ಸಿದ್ದಗಂಗಮ್ಮನಿಗೆ ದೇವರೇ ಬಂದು ನಿಂತಂತಾಯಿತು. ಆದರೆ ಬಿಪಿ ಅಲ್ಲಿಗೇ ನಿಂತುಬಿಟ್ಟಿತು. ಇನ್ನೊಮ್ಮೆ ಕಾಲೆತ್ತಿ ನೋಡಿದಾಗ ಅಂಕಿ ಅಲುಗಲಿಲ್ಲ. ಎದೆಯ ತಳದಲ್ಲಿ ಸಣ್ಣಗೆ ಚರಚರ ಸದ್ದು ಕೇಳತೊಡಗಿತು. ಇನ್ನು ತುಂಬಿಸಿ ಪ್ರಯೋಜನವಿಲ್ಲವೆಂದು ಡಾಕ್ಟರು ಬಾಟಲಿ ನಿಲ್ಲಿಸಿದರು. ಮೂತ್ರ ಒಂದು ಹನಿಯೂ ಬಂದಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಕಿಡ್ನಿ ಸೋತಿರುವುದು, ಹೃದಯದ ಬಡಿತವನ್ನೇ ಕೆಡಿಸಬಲ್ಲ ಪೊಟ್ಯಾಸಿಯಂ ವಿಪರೀತ ಏರಿರುವುದು ಕಂಡಿತು. ಅದಕ್ಕೆ ಬೇಕಾದ ಇಂಜೆಕ್ಷನ್‌ಗಳನ್ನು ಕೊಟ್ಟರು. ಸ್ನಾಯುವಿಗೆ ಹಿಂಡುವ ಕಸುವು ಕೊಡುವ ಔಷಧಿಯನ್ನು ಪುಟ್ಟ ಪಂಪಿನಲ್ಲಿ ಹನಿಹನಿಯಾಗಿ ಹರಿಸಿದರು.

“ಇದು ಎರವಲು ಶಕ್ತಿ. ಹೆಚ್ಚು ಹೊತ್ತು ನಡೆಯಲ್ಲ. ಡಯಾಲಿಸಿಸ್ ಬೇಕಾಗುತ್ತೆ, ಮಂಗಳೂರಿಗೆ ಹೊರಡಿ” ಎಂದರು.

ಆಂಬುಲೆನ್ಸಿನಲ್ಲಿ ಡ್ರೈವರನ ಪಕ್ಕ ಸುಪ್ರಿಯಾ, ಹಿಂದೆ ರೋಗಿಯ ಜೊತೆ ಸಿದ್ದಗಂಗಮ್ಮ. ಕೊಟ್ಟಿಗೆಹಾರ ದಾಟುವಾಗ ಚನ್ನಬಸವ ಮತ್ತೆ ನೀರು ಕೇಳಿದ. ಅವಳು ಚಮಚದಲ್ಲಿ ಕೊಟ್ಟಳು. ಇನ್ನೂ ಬೇಕಾ ಎಂದು ಕೇಳಿದಳು. ಅವನು ಅಕ್ಕನ ಮುಖ ನೋಡಿ, “ಅಳಬೇಡ ಮಾರಾಯ್ತಿ, ನಂಗೆ ಎಂತ ಆಗಲ್ಲ” ಎಂದ. ಚಾರ್ಮಾಡಿ ಘಾಟಿಯ ನಡುವೆ ಮಾನಿಟರಿನ ಗೆರೆ ಅಗಲವಾಗಿ, ವಿಕಾರವಾಗಿ, ಕೊನೆಗೆ ಅಡ್ಡಾದಿಡ್ಡಿಯಾಯಿತು. ಅವಳು ಎದೆ ಒತ್ತಲು ಶುರು ಮಾಡಿದಳು. ತಿರುವಿಗೊಮ್ಮೆ ಗಾಡಿ ವಾಲುತ್ತಿತ್ತು. ಮಂಡಿಯೂರಿ, ಒಂದು ಕಾಲನ್ನು ಸೀಟಿಗೆ ಒದ್ದು ಹಿಡಿದು ಒತ್ತುತ್ತಲೇ ಇದ್ದಳು. ಘಾಟಿ ಇಳಿದು ಸಿಕ್ಕ ಮೊದಲ ಆಸ್ಪತ್ರೆಯ ಡಾಕ್ಟರು ಒಳಗೆ ಹತ್ತಿ, ಅವಳ ಎರಡೂ ಕೈ ಹಿಡಿದು ಬಿಡಿಸಬೇಕಾಯಿತು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದರು. ಹೋಗುವಾಗ ಎಲ್ಲರೂ ಸಿದ್ದಗಂಗಮ್ಮನ ಬೆನ್ನು ಸವರಿ ಒಂದೇ ಮಾತು ಹೇಳಿದರು. ಹೆತ್ತ ತಾಯಿಯೂ ಇಷ್ಟು ನೋಡಿಕೊಳ್ಳುತ್ತಿರಲಿಲ್ಲ, ಅವನ ಹೃದಯವೇ ಅಷ್ಟು, ನೀನಾದರೂ ಏನು ಮಾಡುತ್ತೀ ಎಂದರು. ಒಬ್ಬೊಬ್ಬರು ಹೇಳಿದಾಗಲೂ ಅವಳು ತಲೆ ಬಗ್ಗಿಸಿದಳು. ಆ ಮಾತಿನ ಹಿಂದೆ ಅಡಗಿಕೊಂಡು ಉಳಿದ ಆಯುಸ್ಸನ್ನೆಲ್ಲ ಕಳೆದುಬಿಡಬಹುದಿತ್ತು. ಡಾಕ್ಟರ್ ಶಾಲಿನಿ ಯಾರಿಗೂ ಏನೂ ಹೇಳಿರಲಿಲ್ಲ.

ಅಂದು ಸಂಜೆ ಸುಪ್ರಿಯಾ ಹಿಂದಿನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು.

“ಅಕ್ಕ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರದು.”

“ಕೇಳು.”

“ಅವತ್ತು ಅವ್ರು ಕೇಳಿದಾಗ ನೀರು ಕೊಟ್ಟಿದ್ರೆ ಉಳೀತಿದ್ರಾ?”

ಹೃದಯವೇ ಸೋತಿತ್ತು ಕಣೇ ಎನ್ನುವ ಮಾತು ಸಿದ್ದಗಂಗಮ್ಮನ ನಾಲಗೆಯ ತುದಿಗೆ ಬಂದಿತ್ತು. ಅದು ಸುಳ್ಳೂ ಅಲ್ಲ. ಆದರೆ ಕಾಲೆತ್ತಿದಾಗ ಏರಿದ ಅಂಕಿಯನ್ನು ಅವಳೇ ನೋಡಿದ್ದಳು.

“ಉಳೀತಿದ್ದ” ಎಂದಳು. “ಇನ್ನೆಷ್ಟು ದಿನವೋ ಗೊತ್ತಿಲ್ಲ. ಆದ್ರೆ ಇವತ್ತು ಇರ್ತಿದ್ದ. ನೀರು ಕೊಟ್ಟು, ಆ ಮಾತ್ರೆ ನಿಲ್ಲಿಸಿದ್ರೆ ಸಾಕಿತ್ತು. ಡಾಕ್ಟ್ರು ಮೊದಲೇ ಹೇಳಿದ್ರು. ನಾನೇ ಮರೆತೆ. ಹೆದರಿಕೆಯಲ್ಲಿ ಮರೆತೆ.”

ಬೈಗುಳಕ್ಕೆ, ಶಾಪಕ್ಕೆ, ಏನೇ ಬಂದರೂ ಸರಿಯೆಂದು ಅವಳು ಕಾದಳು. ಸುಪ್ರಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

“ಅವತ್ತು ಗಂಜಿ ಬಸಿದು ಇಟ್ಟಿದ್ದೆ ಅಕ್ಕ. ನೀವು ಡ್ಯೂಟಿಗೆ ಹೋದ ಮೇಲೆ ಕೊಡಾಣ ಅಂತ ಲೋಟಕ್ಕೂ ಹಾಕಿದ್ದೆ. ಅವ್ರೇ ಬೇಡ ಅಂದ್ರು. ಅಕ್ಕ ಬೇಡ ಅಂದಿದಾಳೆ, ಅವಳಿಗೆ ಗೊತ್ತಿರುತ್ತೆ ಅಂದ್ರು.”